ಕಪ್ಪೆಗಣ್ಣು, ಹಕ್ಕಿಗಣ್ಣು

1924ನೆಯ ಇಸವಿಯ ಡಿಸೆಂಬರಿನಲ್ಲಿ ಬರ್ಲಿನ್ ನಗರದ ಜನ ಒಂದು ಮೂಕಿಚಿತ್ರವನ್ನು ನೋಡಿದರು. ಅದರ ಕಥೆ ನಾಲ್ಕು ಮಾತಿನಲ್ಲಿ ಮುಗಿಯುವಂಥದು. ದೊಡ್ಡ ಹೋಟೆಲೊಂದರ ಬಾಗಿಲಲ್ಲಿ ನಿಲ್ಲುವ ಮುದುಕನೊಬ್ಬ. ಉದ್ದನೆಯ ಕೋಟು, ಹೊಳೆಯುವ ಗುಂಡಿ, ದಳಪತಿಗೆ ಒಪ್ಪುವಂಥ ಟೋಪಿ. ಬಂದವರಿಗೆ ಗಾಡಿಯ ಬಾಗಿಲು ತೆಗೆದು ಕೊಡೆ ಹಿಡಿಯುವುದು ಅವನ ಕೆಲಸ. ಆದರೆ ಅವನು ನಿಲ್ಲುವ ಠೀವಿಯನ್ನು ನೋಡಿದರೆ ಹೋಟೆಲೇ ಅವನದೇನೋ ಎನಿಸಬೇಕು. ಒಂದು ಮಳೆಯ ದಿನ ಭಾರವಾದ ಪೆಟ್ಟಿಗೆಯನ್ನು ಹೊತ್ತು ದಣಿದು ಅವನು ಒಂದು ಗಳಿಗೆ ಕುಳಿತದ್ದು ಮ್ಯಾನೇಜರನ ಕಣ್ಣಿಗೆ ಬಿತ್ತು. ಮಾರನೆಯ ದಿನವೇ ಅವನ ಕೋಟನ್ನು ಬಿಚ್ಚಿಸಿ, ನೆಲಮಾಳಿಗೆಯ ಶೌಚಗೃಹದಲ್ಲಿ ಟವಲು ಕೊಡುವ ಕೆಲಸಕ್ಕೆ ಇಳಿಸಿದರು.

ಚಿತ್ರದ ಹೆಸರು 'ಡೆರ್ ಲೆಟ್ಸ್ಟೆ ಮಾನ್', ಎಂದರೆ ಕೊನೆಯ ಮನುಷ್ಯ. ಇಂಗ್ಲಿಷಿನಲ್ಲಿ ಅದಕ್ಕೆ 'ದಿ ಲಾಸ್ಟ್ ಲಾಫ್' ಎಂದು ಬೇರೆಯೇ ಹೆಸರಿಟ್ಟರು. ನಿರ್ದೇಶಕ ಮುರ್ನೌ, ಮುದುಕನ ಪಾತ್ರಕ್ಕೆ ಎಮಿಲ್ ಯಾನಿಂಗ್ಸ್, ಛಾಯಾಗ್ರಹಣ ಕಾರ್ಲ್ ಫ್ರಾಯಂಡ್, ಚಿತ್ರಕಥೆ ಕಾರ್ಲ್ ಮಾಯರ್. ಮೂಕಿಚಿತ್ರಗಳಲ್ಲಿ ನಡುನಡುವೆ ಬರುವ ಅಕ್ಷರದ ಫಲಕಗಳು ಇದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಕೊನೆಯಲ್ಲಿ ಮುದುಕನಿಗೆ ಅನಿರೀಕ್ಷಿತವಾಗಿ ಸಿರಿ ಬರುವ ಭಾಗಕ್ಕೆ ಮುಂಚೆ ಕಥೆಗಾರನೇ ಬಂದು ಕ್ಷಮೆ ಕೇಳುವಂತೆ ಒಂದು ಫಲಕವುಂಟು. ಮಿಕ್ಕಂತೆ ಒಂದು ಪತ್ರ, ಒಂದು ಪತ್ರಿಕೆಯ ಸುದ್ದಿ, ಅಷ್ಟೇ. ಮಾತಿಲ್ಲ, ಬರಹವೂ ಇಲ್ಲ. ಹಾಗಿದ್ದರೂ ಆ ಮುದುಕ ಮೊದಲು ಎಷ್ಟು ದೊಡ್ಡವನಾಗಿದ್ದ, ಆಮೇಲೆ ಎಷ್ಟು ಚಿಕ್ಕವನಾದ ಎಂಬುದು ನೋಡುವವರಿಗೆಲ್ಲ ತಿಳಿಯಿತು.

ಹೇಗೆ ತಿಳಿಯಿತು? ಯಾನಿಂಗ್ಸ್ ಮಹಾನಟ, ಬೆನ್ನು ಬಾಗಿಸಿಯೇ ಹತ್ತು ವರ್ಷ ಮುದುಕನಾಗಬಲ್ಲ. ಆದರೆ ಅರ್ಧ ಕೆಲಸ ಮಾಡಿದ್ದು ಕ್ಯಾಮೆರಾ ನಿಂತ ಜಾಗ. ಬಾಗಿಲಲ್ಲಿ ಠೀವಿಯಿಂದಿರುವಾಗ ಅವನನ್ನು ಕೆಳಗಿನಿಂದ ತಲೆಯೆತ್ತಿ ನೋಡಿದಂತೆ ತೆಗೆದರು. ಕೆಲಸ ಹೋದಮೇಲೆ ಮೇಲಿನಿಂದ ಬಗ್ಗಿ ನೋಡಿದಂತೆ ತೆಗೆದರು. ಮನುಷ್ಯ ಅವನೇ, ಅಳತೆಯೂ ಅದೇ. ನೋಡುವ ಕಣ್ಣು ಮಾತ್ರ ಮೇಲಕ್ಕೆ ಹತ್ತಿತು, ಅವನು ಕುಗ್ಗಿದ. ಶೌಚಗೃಹವೂ ಮೆಟ್ಟಿಲಿಳಿದು ಹೋಗಬೇಕಾದ ನೆಲಮಾಳಿಗೆಯಲ್ಲಿಯೇ ಇದೆಯೆಂಬುದನ್ನು ಮರೆಯಬಾರದು. ಕಥೆಯೂ ಕಟ್ಟಡವೂ ಕ್ಯಾಮೆರಾವೂ ಒಟ್ಟಾಗಿ ಅವನನ್ನು ಕೆಳಗಿಳಿಸಿದವು. ಕೋಟು ಕಳೆದುಕೊಂಡವನು ರಾತ್ರಿ ಅದನ್ನು ಕದ್ದು ಹೊರಗೆ ಬರುವಾಗ ಆ ಬೃಹತ್ ಕಟ್ಟಡವೇ ತನ್ನ ಮೇಲೆ ವಾಲಿ ಬೀಳುವುದೇನೋ ಎಂದು ಅವನಿಗೆ ಭಾಸವಾಗುವ ದೃಶ್ಯವೊಂದಿದೆ. ತಲೆಯೆತ್ತಿಸಿಕೊಂಡು ಬಾಳಿದವನು ಈಗ ತಾನೇ ತಲೆಯೆತ್ತಿ ನೋಡಬೇಕಾಗಿದೆ.

ಇಲ್ಲಿ ನಾನು ಕಾರ್ಲ್ ಮಾಯರನ ಕಡೆಗೆ ಓದುಗರ ಗಮನ ಸೆಳೆಯಬೇಕು. ನಿರ್ದೇಶಕನನ್ನೂ ನಟನನ್ನೂ ಲೋಕ ನೆನೆಯುತ್ತದೆ. ಕಾಗದದ ಮೇಲೆ ಮೊದಲು ಬರೆದವನನ್ನು ಮರೆಯುತ್ತದೆ. ಮಾಯರ್ 1894ರಲ್ಲಿ ಆಸ್ಟ್ರಿಯಾದ ಗ್ರಾಟ್ಸ್‌ನಲ್ಲಿ ಹುಟ್ಟಿ 1944ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ. ಅವನ ಚಿತ್ರಕಥೆಗಳನ್ನು ಓದಿದವರು ಮೆಚ್ಚಿದ್ದು ಒಂದು ವಿಚಿತ್ರ ಗುಣವನ್ನು. ವಾಕ್ಯಗಳು ತುಂಡು ತುಂಡು. ಕೆಲವು ಕಡೆ ಒಂದೇ ಪದ. ಕ್ರಿಯಾಪದ ಎಲ್ಲಿಯೋ, ಕರ್ತೃಪದ ಎಲ್ಲಿಯೋ. 'ಅವನಿಗೆ ದುಃಖವಾಯಿತು' ಎಂಬ ಬಗೆಯ ಬರವಣಿಗೆಯಲ್ಲಿ ಅವನಿಗೆ ಆಸಕ್ತಿಯಿರಲಿಲ್ಲ. ಕಣ್ಣಿಗೆ ಏನು ಬೀಳುತ್ತದೆ, ಯಾವ ಕ್ರಮದಲ್ಲಿ ಬೀಳುತ್ತದೆ, ಕ್ಯಾಮೆರಾ ಎಲ್ಲಿಂದ ಎಲ್ಲಿಗೆ ಸಾಗುತ್ತದೆ, ಇದನ್ನು ಅವನು ಬರೆಯುತ್ತಿದ್ದ. ಕ್ಯಾಮೆರಾದ ಸ್ಥಾನವನ್ನು ಕಥೆಯ ಭಾಷೆಯೊಳಗೆ ತಂದವರಲ್ಲಿ ಅವನು ಮುಖ್ಯನು. ದುಃಖವನ್ನು ಕ್ಯಾಮೆರಾ ತೆಗೆಯಲಾರದು, ಎತ್ತರವನ್ನು ತೆಗೆಯಬಲ್ಲದು. ಈ ಸಣ್ಣ ವ್ಯತ್ಯಾಸವನ್ನು ಅವನು ಕಂಡುಕೊಂಡಿದ್ದ.

ಈ ನೋಟಗಳಿಗೆ ಆಯಾ ದೇಶದವರು ಇಟ್ಟಿರುವ ಹೆಸರುಗಳೂ ಸ್ವಾರಸ್ಯವಾಗಿವೆ. ಜರ್ಮನರು ಕೆಳಗಿನಿಂದ ನೋಡುವುದನ್ನು ಕಪ್ಪೆಯ ನೋಟವೆಂದೂ ಮೇಲಿನಿಂದ ನೋಡುವುದನ್ನು ಹಕ್ಕಿಯ ನೋಟವೆಂದೂ ಕರೆದರು. ಫ್ರೆಂಚರಿಗೆ ಮೇಲಿನ ನೋಟ 'ಪ್ಲಾಂಜೆ', ಎಂದರೆ ಧುಮುಕುವಿಕೆ. ಕೆಳಗಿನ ನೋಟ ಅದರ ಎದುರು ದಿಕ್ಕಿನ ಧುಮುಕುವಿಕೆ. ಇಂಗ್ಲಿಷಿನ ಹೈ ಆಂಗಲ್, ಲೋ ಆಂಗಲ್ ಎಂಬ ಮಾತುಗಳು ಇವುಗಳ ಮುಂದೆ ಬಡವಾಗಿ ತೋರುತ್ತವೆ. ಹೊಸಬರು ಗಲಿಬಿಲಿಗೊಳ್ಳುವುದೂ ಇಲ್ಲಿಯೇ. ಹೈ ಆಂಗಲ್ ಎಂದರೆ ಮೇಲಕ್ಕೆ ನೋಡುವುದೋ, ಮೇಲಿನಿಂದ ನೋಡುವುದೋ? ಕ್ಯಾಮೆರಾ ಮೇಲಿದ್ದು ಕೆಳಕ್ಕೆ ನೋಡಿದರೆ ಹೈ ಆಂಗಲ್; ಕೆಳಗಿದ್ದು ಮೇಲಕ್ಕೆ ನೋಡಿದರೆ ಲೋ ಆಂಗಲ್. ಕನ್ನಡಿಗರಿಗೆ ಈ ಭಾವ ಹೊಸದೇನಲ್ಲ. ಭಯಪಡುವವನು 'ಕಣ್ಣೆತ್ತಿ ನೋಡಲಾರ', ಅಲಕ್ಷ್ಯ ಮಾಡುವವನು 'ಕಡೆಗಣಿಸುತ್ತಾನೆ'. ಮರ್ಯಾದೆಯನ್ನು ನಾವು ಬಹುಕಾಲದಿಂದ ಕಣ್ಣಿನ ದಿಕ್ಕಿನಿಂದಲೇ ಅಳೆಯುತ್ತ ಬಂದವರು.

ಬರ್ಲಿನ್ನಿನ ಮುದುಕ ಕೆಳಗಿಳಿದ ಎರಡು ವರ್ಷಕ್ಕೆ, 1926ರಲ್ಲಿ, ರಷ್ಯಾದಲ್ಲಿ ಪುಡೋವ್ಕಿನ್ 'ತಾಯಿ' ಚಿತ್ರವನ್ನು ತೆಗೆದ. ಗೋರ್ಕಿಯ ಕಾದಂಬರಿ ನಮ್ಮವರಲ್ಲಿ ಅನೇಕರಿಗೆ ಪರಿಚಿತ. ಇಲ್ಲಿ ಪಯಣ ತಲೆಕೆಳಗಾದದ್ದು. ಕುಡುಕ ಗಂಡನ ಕೈಯಲ್ಲಿ ನಲುಗಿದ ಹೆಂಗಸು ಮೊದಮೊದಲು ಮೇಲಿನಿಂದ ಕಾಣುತ್ತಾಳೆ. ನೆಲ ಅವಳನ್ನು ಹಿಡಿದುಕೊಂಡಿರುವಂತೆ, ಹೆಗಲ ಮೇಲೆ ಸೂರು ಕುಳಿತಂತೆ. ಮಗನಿಗೆ ಒಳ್ಳೆಯದಾಗಲೆಂಬ ಮುಗ್ಧ ನಂಬಿಕೆಯಿಂದ ಅವನು ಬಚ್ಚಿಟ್ಟ ಆಯುಧಗಳನ್ನು ಪೊಲೀಸರಿಗೆ ತೋರಿಸಿಬಿಡುತ್ತಾಳೆ. ಮಗ ಸೆರೆಗೆ ಹೋಗುತ್ತಾನೆ, ಇವಳ ಕಣ್ಣು ತೆರೆಯುತ್ತದೆ. ಕಡೆಯಲ್ಲಿ ಬಾವುಟ ಹಿಡಿದು ಕುದುರೆ ಸವಾರರ ಎದುರು ನಿಲ್ಲುವ ಹೊತ್ತಿಗೆ ಛಾಯಾಗ್ರಾಹಕ ಗೊಲೊವ್ನ್ಯಾ ತನ್ನ ಕ್ಯಾಮೆರಾವನ್ನು ಕೆಳಗಿಳಿಸಿದ್ದಾನೆ. ಅವಳ ಹಿಂದೆ ಈಗ ನೆಲವಿಲ್ಲ, ಆಕಾಶವಿದೆ. ಅವಳು ಸಾಯುತ್ತಾಳೆ, ಕುದುರೆಗಳು ತುಳಿದುಕೊಂಡು ಹೋಗುತ್ತವೆ. ಆದರೂ ಆ ಚಿತ್ರದಲ್ಲಿ ಅವಳು ಅತ್ಯಂತ ಎತ್ತರವಾಗಿ ಕಾಣುವುದು ಆ ಗಳಿಗೆಯಲ್ಲಿಯೇ.

ಆದರೆ ಅದೇ ಚಿತ್ರದಲ್ಲಿ ಕಾವಲು ನಿಂತ ಪೊಲೀಸಿನವನನ್ನೂ ಕೆಳಗಿನಿಂದಲೇ ತೆಗೆದಿದ್ದಾರೆ. ತಾಯಿಯೂ ಎತ್ತರ, ಪೊಲೀಸಿನವನೂ ಎತ್ತರ! ಒಬ್ಬಳನ್ನು ನೋಡಿ ಎದೆ ತುಂಬುತ್ತದೆ, ಇನ್ನೊಬ್ಬನನ್ನು ನೋಡಿ ಎದೆ ನಡುಗುತ್ತದೆ. ಕೆಳಗಿನಿಂದ ನೋಡುವುದು ಇಬ್ಬರೇ: ಭಕ್ತ, ಇಲ್ಲವೇ ಭಯಗ್ರಸ್ತ. ಕ್ಯಾಮೆರಾ ಇವರಿಬ್ಬರಲ್ಲಿ ಯಾರ ಕಣ್ಣೆಂಬುದನ್ನು ಮುಖ, ಬೆಳಕು, ಹಿಂದುಮುಂದಿನ ದೃಶ್ಯ ತೀರ್ಮಾನಿಸಬೇಕು. ಕೋನ ತಾನಾಗಿ ತೀರ್ಮಾನಿಸದು. ಈ ಸೂಕ್ಷ್ಮವನ್ನು ಚೆನ್ನಾಗಿ ಅರಿತು ಕೆಟ್ಟ ಕೆಲಸಕ್ಕೆ ಬಳಸಿದವರೂ ಉಂಟು. 1934ರ ನ್ಯೂರೆಂಬರ್ಗ್ ಸಮಾವೇಶವನ್ನು ಚಿತ್ರಿಸಿ 1935ರಲ್ಲಿ ತೆರೆಗೆ ತಂದ ಲೆನಿ ರೀಫೆನ್‌ಸ್ಟಾಲ್, ಹಿಟ್ಲರನನ್ನು ಮತ್ತೆ ಮತ್ತೆ ಕೆಳಗಿನಿಂದ, ಬರಿಯ ಆಕಾಶದ ಎದುರು ತೋರಿಸಿದಳು. ನೋಡುವವನನ್ನು ಭಕ್ತನ ಜಾಗದಲ್ಲಿ ತಂದು ನಿಲ್ಲಿಸಿಯಾದಮೇಲೆ ಭಾಷಣದ ಅರ್ಧ ಭಾರ ಇಳಿದಂತೆಯೇ.

ಕೆಳಗಿನ ನೋಟವೆಂದರೆ ಶಕ್ತಿ, ಮೇಲಿನ ನೋಟವೆಂದರೆ ದೈನ್ಯ ಎಂದು ಗಣಿತದ ಸೂತ್ರದಂತೆ ಬಾಯಿಪಾಠ ಮಾಡಿಸುವವರಿದ್ದಾರೆ. ಅವರು 1941ರಲ್ಲಿ ಬಂದ 'ಸಿಟಿಜನ್ ಕೇನ್' ಚಿತ್ರದ ಒಂದು ದೃಶ್ಯವನ್ನು ನೋಡಬೇಕು. ಪತ್ರಿಕೆಗಳ ಒಡೆಯ ಕೇನ್ ಗವರ್ನರ್ ಚುನಾವಣೆಯಲ್ಲಿ ಸೋತಿದ್ದಾನೆ. ರಾತ್ರಿ, ಖಾಲಿಯಾದ ಪ್ರಚಾರ ಕಚೇರಿ, ನೆಲದ ತುಂಬ ಹರಿದ ಕಾಗದ. ಹಳೆಯ ಗೆಳೆಯ ಲೀಲೆಂಡ್ ಕುಡಿದು ಬಂದು ಅವನ ಮುಖಕ್ಕೆ ನಿಜವನ್ನು ಹೇಳುತ್ತಾನೆ. ಸೂತ್ರದ ಪ್ರಕಾರ ಇಲ್ಲಿ ಕ್ಯಾಮೆರಾ ಚಾವಣಿಗೆ ಹತ್ತಬೇಕಾಗಿತ್ತು. ಆರ್ಸನ್ ವೆಲ್ಸ್ ಮತ್ತು ಛಾಯಾಗ್ರಾಹಕ ಗ್ರೆಗ್ ಟೋಲೆಂಡ್ ಮಾಡಿದ್ದು ಇದಕ್ಕೆ ತದ್ವಿರುದ್ಧ. ಕ್ಯಾಮೆರಾ ನೆಲದ ಮಟ್ಟಕ್ಕಿಂತಲೂ ಕೆಳಗೆ ಹೋಗಬೇಕೆಂದು ಸ್ಟುಡಿಯೋದ ನೆಲವನ್ನೇ ಒಡೆಸಿ ಗುಂಡಿ ಮಾಡಿಸಿದರು. ಸೋತ ಮನುಷ್ಯ ಕಂಬದಂಥ ಕಾಲುಗಳ ಮೇಲೆ ಬೆಟ್ಟದಂತೆ ನಿಂತಿದ್ದಾನೆ.

ನೋಡಿದರೆ ಅವನ ಸೋಲೇ ದೊಡ್ಡದಾಗಿ ಕಾಣುತ್ತದೆ. ಏಕೆ? ಒಂದು ಕಾರಣ, ಅವನ ತಲೆಯ ಮೇಲಿರುವುದು ಆಕಾಶವಲ್ಲ, ಚಾವಣಿ. ಆ ಕಾಲದ ಸ್ಟುಡಿಯೋ ಕೋಣೆಗಳಿಗೆ ಸಾಮಾನ್ಯವಾಗಿ ಚಾವಣಿಯೇ ಇರುತ್ತಿರಲಿಲ್ಲ. ಮೇಲಿನಿಂದ ದೀಪ ಬಿಡಬೇಕು, ಧ್ವನಿ ಹಿಡಿಯುವ ಯಂತ್ರ ತೂಗಬೇಕು. ಟೋಲೆಂಡ್ ತೆಳುಬಟ್ಟೆಯನ್ನು ಬಿಗಿದು ಚಾವಣಿಯಂತೆ ಕಾಣಿಸಿ, ಧ್ವನಿಯಂತ್ರವನ್ನು ಬಟ್ಟೆಯ ಹಿಂದೆ ಅಡಗಿಸಿದ. ಕೆಳಗಿನಿಂದ ನೋಡಿದಾಗ ಆ ಚಾವಣಿ ಕೇನನ ತಲೆಗೆ ತಾಗುವಷ್ಟು ಹತ್ತಿರ ಬಂದು ಅವನನ್ನು ಅದುಮುತ್ತದೆ. ಇನ್ನೊಂದು ಕಾರಣ ನನ್ನ ಅನಿಸಿಕೆ: ಅಷ್ಟು ದೊಡ್ಡ ದೇಹಕ್ಕೆ ಎದುರಾಗಿ ಕೋಣೆಯಲ್ಲಿ ಆಜ್ಞೆ ಕೇಳುವವರು ಯಾರೂ ಉಳಿದಿಲ್ಲ. ಹೀಗೆ ಬರೆಯುವವನು ಕೋನವನ್ನಷ್ಟೇ ಬರೆದರೆ ಸಾಲದು, ಆ ಕೋನದಿಂದ ತಲೆಯ ಹಿಂದೆ ಏನು ಕಾಣುತ್ತದೆಂಬುದನ್ನೂ ಬರೆಯಬೇಕು.

ಇನ್ನೊಂದು ಗಲಿಬಿಲಿಯನ್ನೂ ಇಲ್ಲಿಯೇ ಕಳೆದುಬಿಡೋಣ. ಕ್ಯಾಮೆರಾ ಕೆಳಗಿದೆ ಎಂಬುದು ಒಂದು ಮಾತು, ಅದು ಮೇಲಕ್ಕೆ ವಾಲಿದೆ ಎಂಬುದು ಮತ್ತೊಂದು ಮಾತು. ಜಪಾನಿನ ಓಜು ತನ್ನ ಕ್ಯಾಮೆರಾವನ್ನು ಚಾಪೆಯ ಮೇಲೆ ಕುಳಿತವರ ಕಣ್ಣಿಗಿಂತಲೂ ಕೆಳಗಿಡುತ್ತಿದ್ದ. ಆದರೆ ಅದನ್ನು ಹೆಚ್ಚುಕಡಿಮೆ ನೇರವಾಗಿಯೇ ಇಡುತ್ತಿದ್ದ. 1953ರ 'ಟೋಕಿಯೋ ಸ್ಟೋರಿ'ಯ ವೃದ್ಧ ದಂಪತಿಗಳು ಅದರಿಂದ ವೀರರಂತೆ ಕಾಣುವುದಿಲ್ಲ. ನಮ್ಮೆದುರು ನೆಲದ ಮೇಲೆ ಕುಳಿತ ಮನೆಯ ಹಿರಿಯರಂತೆ ಕಾಣುತ್ತಾರೆ. ಕ್ಯಾಮೆರಾ ಎಷ್ಟು ಎತ್ತರದಲ್ಲಿತ್ತೆಂದು ಚಿತ್ರ ನೋಡಿಯೇ ಹೇಳಲು ಒಂದು ಉಪಾಯವುಂಟು. ಬಯಲಿನಲ್ಲಿ ನಿಂತ ಮನುಷ್ಯನ ಮೈಯನ್ನು ದಿಗಂತದ ಗೆರೆ ಎಲ್ಲಿ ಕತ್ತರಿಸುತ್ತದೆ ನೋಡಿ. ಮೊಣಕಾಲಿನಲ್ಲಿ ಕತ್ತರಿಸಿದರೆ ಕ್ಯಾಮೆರಾ ಅವನ ಮೊಣಕಾಲಿನ ಎತ್ತರದಲ್ಲಿತ್ತು. ಕಣ್ಣಿನಲ್ಲಿ ಕತ್ತರಿಸಿದರೆ ಕಣ್ಣಿನ ಎತ್ತರದಲ್ಲಿ. ತಲೆಯ ಮೇಲೆ ಹಾದುಹೋದರೆ ಅವನಿಗಿಂತ ಮೇಲೆ. ನೆಲ ಸಮತಟ್ಟಾಗಿದ್ದರೆ ಈ ಲೆಕ್ಕ ತಪ್ಪುವುದಿಲ್ಲ.

ಇಷ್ಟನ್ನೆಲ್ಲ ಬರೆಯುವ ಪ್ರಮೇಯ ಬಂದದ್ದು ನಮ್ಮ ಕಟ್ಟಡದ ಹುಡುಗನೊಬ್ಬನಿಂದ. ಈಗಿನ ಹುಡುಗರು ಮೊಬೈಲಿನಲ್ಲಿ ಕಿರುಚಿತ್ರ ತೆಗೆಯುತ್ತಾರೆ. ಗಂಟೆಗಟ್ಟಲೆಯದಲ್ಲ, ಹತ್ತು ಹನ್ನೆರಡು ಸೆಕೆಂಡಿನದು. ಇವನು ನಮ್ಮ ಗೇಟಿನ ಕಾವಲಿನ ತಾತನ ಮೇಲೆ ಹನ್ನೆರಡು ಸೆಕೆಂಡಿನ ಚಿತ್ರ ತೆಗೆಯಹೊರಟಿದ್ದ. ಗೇಟಿಗೆ ಯಂತ್ರ ಬರುವುದೆಂದೂ ತಾತನ ಹಗಲು ಕೆಲಸ ನಿಲ್ಲುವುದೆಂದೂ ಮಾತು ನಡೆದಿತ್ತು. ಹುಡುಗ ಬರೆದು ತಂದ ಚೀಟಿಯಲ್ಲಿ ಎರಡೇ ಸಾಲು: 'ಶಕ್ತಿಶಾಲಿಯಾದ ಕಾವಲುಗಾರ ಗೇಟಿನ ಮುಂದೆ ಗಂಭೀರವಾಗಿ ನಿಂತಿದ್ದಾನೆ. ಅದೇ ಕಾವಲುಗಾರ ಅಸಹಾಯಕನಾಗಿ ಕುಳಿತಿದ್ದಾನೆ.' ಅವನ ಗೆಳೆಯ ಆ ಚೀಟಿಯಂತೆಯೇ ಎರಡನ್ನೂ ತೆಗೆದುಕೊಟ್ಟಿದ್ದ, ಎರಡನ್ನೂ ಮೊಬೈಲನ್ನು ತನ್ನ ಎದೆಯ ಎತ್ತರಕ್ಕೆ ಹಿಡಿದು. ಮೊದಲನೆಯದರಲ್ಲಿ ಒಬ್ಬ ಮುದುಕ ನಿಂತಿದ್ದ; ಎರಡನೆಯದರಲ್ಲಿ ಆ ಮುದುಕ ಊಟ ಮುಗಿಸಿ ಕುಳಿತಂತಿತ್ತು.

"ಅಂಕಲ್, ಎಲ್ಲಾ ಬರೆದಿದ್ದೀನಲ್ಲ, ಶಕ್ತಿಶಾಲಿ ಅಂತ, ಅಸಹಾಯಕ ಅಂತ" ಎಂದ.

"ಬರೆದಿದ್ದೀಯಪ್ಪ, ಆದರೆ ಅವೆರಡೂ ನಿನ್ನ ಅಭಿಪ್ರಾಯ. ಮೊಬೈಲು ಎಲ್ಲಿರಬೇಕು ಅಂತ ಎಲ್ಲಿ ಬರೆದಿದ್ದೀಯ?" ಎಂದೆ.

ಮುರ್ನೌಗೆ ಒಂದು ಗಂಟೆಗಿಂತ ಹೆಚ್ಚಿನ ಕಾಲವಿತ್ತು. ಮುದುಕನ ಎತ್ತರವನ್ನು ನಮಗೆ ರೂಢಿ ಮಾಡಿಸಿ ಆಮೇಲೆ ಕಸಿದುಕೊಳ್ಳಬಹುದಿತ್ತು. ಹನ್ನೆರಡು ಸೆಕೆಂಡಿನವನಿಗೆ ಆ ಸೌಕರ್ಯವಿಲ್ಲ. ನೋಡುವವನಿಗೆ ಹೋಲಿಸಿ ನೋಡಲು ಏನಾದರೂ ಬೇಕಲ್ಲ. ಅದನ್ನು ಆ ಚೌಕಟ್ಟಿನೊಳಗೇ ಇಡಬೇಕು. ಆದ್ದರಿಂದ ನಾವಿಬ್ಬರೂ ಕುಳಿತು ಮೊದಲ ಸಾಲನ್ನು ಹೀಗೆ ತಿದ್ದಿದೆವು: 'ಕ್ಯಾಮೆರಾ ನೆಲದಿಂದ ಒಂದೂವರೆ ಅಡಿ ಮೇಲೆ, ಮೇಲಕ್ಕೆ ವಾಲಿದೆ. ಮೊಣಕಾಲಿನಿಂದ ಟೋಪಿಯವರೆಗೆ ಕಾವಲುಗಾರ; ಹಿಂದೆ ಗೇಟಿನ ಕಂಬ ಮತ್ತು ಆಕಾಶ. ಚೌಕಟ್ಟಿನ ಕೆಳ ಅಂಚಿನಲ್ಲಿ ಶಾಲೆಯ ಮಗುವೊಂದು ತಲೆಯೆತ್ತಿ ಅವನಿಗೆ ಸಲಾಮು ಹೊಡೆಯುತ್ತದೆ.' ಮಗುವಿನಿಂದ ಎರಡು ಕೆಲಸವಾಯಿತು. ತಾತನ ಎತ್ತರಕ್ಕೆ ಅಳತೆಗೋಲು ಸಿಕ್ಕಿತು. ಈ ಕೆಳಗಣ್ಣು ಹೆದರಿದವನದಲ್ಲ, ಮೆಚ್ಚಿದವನದು ಎಂಬುದೂ ತಿಳಿಯಿತು.

ಆದರೂ ಮೊದಲ ಸಲ ತೆಗೆದದ್ದು ನಗೆಪಾಟಲಾಯಿತು. ದೂರ ಬರೆಯುವುದನ್ನು ಮರೆತಿದ್ದೆವು. ಗೆಳೆಯ ಎರಡೇ ಅಡಿಯಲ್ಲಿ ಮೊಬೈಲನ್ನಿಟ್ಟಿದ್ದ. ಅಷ್ಟು ಹತ್ತಿರದಿಂದ ಮೇಲಕ್ಕೆ ನೋಡಿದರೆ ಕಾಲು, ಹೊಟ್ಟೆ ದೊಡ್ಡದಾಗಿ, ದೂರದ ತಲೆ ಚಿಕ್ಕದಾಗಿ, ಮುಖವೆಂದರೆ ಗದ್ದ ಮತ್ತು ಮೂಗಿನ ಹೊಳ್ಳೆಗಳಷ್ಟೇ. ಅದರ ಮೇಲೆ ಹಿಂದಿನ ಆಕಾಶದ ಬೆಳಕಿಗೆ ಮುಖ ಕಪ್ಪಿಟ್ಟಿತ್ತು. ಮೊಬೈಲು ಹೊಳೆಯುವ ಆಕಾಶವನ್ನು ಅಳತೆಗೆ ಹಿಡಿದರೆ ಆಗುವುದು ಹೀಗೆಯೇ. ಎಂಟು ಅಡಿ ಹಿಂದಕ್ಕೆ ಸರಿದು, ಬೆಳಗಿನ ಬಿಸಿಲು ತಾತನ ಮುಖಕ್ಕೆ ಬೀಳುವ ಹೊತ್ತನ್ನು ನೋಡಿಕೊಂಡು, ಪರದೆಯ ಮೇಲೆ ಮುಖವನ್ನೇ ಮುಟ್ಟಿ ಬೆಳಕನ್ನು ಹೊಂದಿಸಿದಮೇಲೆ ತಾತ ತಾತನಾಗಿಯೇ ಉಳಿದು ಎತ್ತರವಾದ.

ಎರಡನೆಯದು ಇನ್ನೂ ಕಷ್ಟವಾಯಿತು. ಹುಡುಗನ ಉತ್ಸಾಹ, ತಾರಸಿಗೇ ಹತ್ತಿಬಿಟ್ಟ. ನಾಲ್ಕು ಅಂತಸ್ತಿನ ಮೇಲಿನಿಂದ ನೆಟ್ಟಗೆ ಕೆಳಕ್ಕೆ ನೋಡಿದರೆ ಒಂದು ಟೋಪಿ, ಎರಡು ಪಾದ. ಅಲ್ಲಿ ದೈನ್ಯವೂ ಇಲ್ಲ, ಮನುಷ್ಯನೂ ಇಲ್ಲ, ಚದುರಂಗದ ಕಾಯಿಯೊಂದಿದೆ. ಕನಿಕರಕ್ಕೆ ಮುಖ ಬೇಕು. ಮೇಲಿನ ನೋಟ ಹೆಚ್ಚಾದರೆ ಮುಖ ಹೋಗುತ್ತದೆ, ಕಡಿಮೆಯಾದರೆ ನೋಟವೇ ಹೋಗುತ್ತದೆ. ಹಾಗಾಗಿ ಮೊದಲನೆಯ ಅಂತಸ್ತಿನ ಬಾಲ್ಕನಿಗೆ ಇಳಿದು, ನಲವತ್ತೈದು ಡಿಗ್ರಿಯಷ್ಟು ಓರೆಯಾಗಿ ನೋಡುವಂತೆ ಬರೆದೆವು: 'ಮೊದಲನೆಯ ಅಂತಸ್ತಿನಿಂದ ಕ್ಯಾಮೆರಾ ಕೆಳಕ್ಕೆ ನೋಡುತ್ತಿದೆ. ಸ್ಟೂಲಿನ ಮೇಲೆ ಕಾವಲುಗಾರ, ಚೌಕಟ್ಟಿನ ಕಾಲುಭಾಗಕ್ಕಿಂತ ಚಿಕ್ಕವನು. ಸುತ್ತ ಬರಿಯ ಸಿಮೆಂಟು ನೆಲ, ಆಕಾಶ ಕಾಣುವುದಿಲ್ಲ. ಟೋಪಿ ತೊಡೆಯ ಮೇಲೆ. ಕೊನೆಯ ಎರಡು ಸೆಕೆಂಡು ಅವನು ಕತ್ತೆತ್ತಿ ಕ್ಯಾಮೆರಾದ ಕಡೆ ನೋಡುತ್ತಾನೆ.' ಈ ಬರಹದಲ್ಲಿ ಅಸಹಾಯಕ ಎಂಬ ಪದ ಎಲ್ಲಿಯೂ ಇಲ್ಲ. ಹುಡುಗ ಅದನ್ನು ಹೊಡೆದುಹಾಕಲು ಸ್ವಲ್ಪ ಹೊತ್ತು ಒಪ್ಪಲಿಲ್ಲ.

ಮುಗಿದ ಚಿತ್ರವನ್ನು ತಾತನಿಗೆ ತೋರಿಸಿದೆವು. ಮೊದಲ ಆರು ಸೆಕೆಂಡು ನೋಡಿ ಅವನು ಮೀಸೆಯೊಳಗೇ ನಕ್ಕ. "ಇಷ್ಟು ಎತ್ತರ ಇದ್ದೀನಾ ನಾನು?" ಎಂದ. ಎರಡನೆಯದನ್ನು ನೋಡಿದವನು ಏನೂ ಹೇಳದೆ, ಮತ್ತೊಮ್ಮೆ ಹಾಕು ಎಂದ. ಎರಡನೆಯ ಸಲ ನೋಡಿ, ಮೊಬೈಲನ್ನು ಹುಡುಗನ ಕೈಗೆ ಕೊಡುತ್ತ ಕೇಳಿದ:

"ಇದು ಯಾರ ಮನೆಯಿಂದ ತೆಗೆದಿದ್ದು ಮಗಾ?"

"ನಮ್ಮ ಮನೇದೇ ತಾತ, ನಮ್ಮ ಬಾಲ್ಕನಿ" ಎಂದ ಹುಡುಗ.